ಹುಲಿ ತಾನೇ ತೆಗೆದುಕೊಂಡ ಚಿತ್ರ

1925ರ ಅಕ್ಟೋಬರ್ 3ರಂದು ಲಂಡನ್ನಿನ 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ವಾರಪತ್ರಿಕೆ ತನ್ನ ಮುಖಪುಟದಲ್ಲಿ ಹುಲಿಯ ಚಿತ್ರವೊಂದನ್ನು ಅಚ್ಚುಹಾಕಿತು. ಅದು ಗುಂಡು ತಿಂದು ಬಿದ್ದ ಹುಲಿಯಾಗಿರಲಿಲ್ಲ, ಬೋನಿನೊಳಗಿನ ಹುಲಿಯೂ ಆಗಿರಲಿಲ್ಲ. ರಾತ್ರಿ ಹೊತ್ತು ಹಿಮಾಲಯದ ತಪ್ಪಲಿನ ಕಾಡಿನಲ್ಲಿ ತನ್ನ ಪಾಡಿಗೆ ತಾನು ನಡೆದು ಹೋಗುತ್ತಿದ್ದ ಹುಲಿ ಅದು. ಸತ್ತ ಹುಲಿಯ ತಲೆಯ ಪಕ್ಕ ಕೋವಿ ಹಿಡಿದು ನಿಂತ ಬೇಟೆಗಾರನ ಪಟವನ್ನಷ್ಟೇ ನೋಡಿದ್ದ ಜನ, ಬದುಕಿರುವ ಕಾಡುಹುಲಿ ಯಾರೂ ಇಲ್ಲದಾಗ ಹೇಗೆ ನಡೆಯುತ್ತದೆ ಎಂಬುದನ್ನು ಅಂದು ಮೊದಲ ಸಲ ಕಂಡರು.

ಆ ಚಿತ್ರ ತೆಗೆದವರು ಫ್ರೆಡರಿಕ್ ವಾಲ್ಟರ್ ಚಾಂಪಿಯನ್, ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿ. ತೆಗೆದವರು ಎನ್ನುವುದಕ್ಕಿಂತ ತೆಗೆಸಿದವರು ಎನ್ನುವುದೇ ಸರಿ. ಕ್ಯಾಮೆರಾ ಕ್ಲಿಕ್ಕಿಸಿದ ಹೊತ್ತಿನಲ್ಲಿ ಚಾಂಪಿಯನ್ ಅಲ್ಲಿ ಇರಲೇ ಇಲ್ಲ. ಹುಲಿ ತಾನೇ ತಂತಿ ತುಳಿದು ತನ್ನ ಚಿತ್ರವನ್ನು ತೆಗೆದುಕೊಂಡಿತ್ತು.

ಎರಡು ವರ್ಷಗಳ ನಂತರ, 1927ರಲ್ಲಿ, ಅವರು ಆ ಅನುಭವಗಳನ್ನು 'ವಿತ್ ಎ ಕ್ಯಾಮೆರಾ ಇನ್ ಟೈಗರ್-ಲ್ಯಾಂಡ್' ಎಂಬ ಪುಸ್ತಕವಾಗಿ ಬರೆದರು. 1934ರಲ್ಲಿ 'ದಿ ಜಂಗಲ್ ಇನ್ ಸನ್‌ಲೈಟ್ ಅಂಡ್ ಶ್ಯಾಡೋ' ಎಂಬ ಎರಡನೆಯ ಪುಸ್ತಕ ಬಂತು. ಕಾಡಿನ ನೆನಪುಗಳ ಸಾಹಿತ್ಯ ಎಂದ ಕೂಡಲೇ ನಮಗೆ ಜಿಮ್ ಕಾರ್ಬೆಟ್, ಕೆನೆತ್ ಆಂಡರ್ಸನ್ ಹೆಸರುಗಳು ಬಾಯಿಗೆ ಬರುತ್ತವೆ. ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕಥೆಗಳು' ಮಾಲೆಯಲ್ಲಿ ಆಂಡರ್ಸನ್ ಅವರನ್ನೂ 'ರುದ್ರಪ್ರಯಾಗದ ಭಯಾನಕ ನರಭಕ್ಷಕ'ದಲ್ಲಿ ಕಾರ್ಬೆಟ್ ಅವರನ್ನೂ ಕನ್ನಡದ ಮನೆಮನೆಗೆ ತಂದುಕೊಟ್ಟರು. ಚಾಂಪಿಯನ್ ಅವರಿಗೆ ಆ ಭಾಗ್ಯ ಸಿಗಲಿಲ್ಲ. ಆದರೆ ಇವತ್ತು ನಾಗರಹೊಳೆಯಲ್ಲಿ, ಬಂಡೀಪುರದಲ್ಲಿ ಎಷ್ಟು ಹುಲಿಗಳಿವೆ ಎಂದು ನಾವು ಲೆಕ್ಕ ಹೇಳುವುದರ ಬೇರು ಆ ಅರಣ್ಯಾಧಿಕಾರಿಯ ಪುಸ್ತಕದಲ್ಲಿದೆ. ಕಾಡಿನ ಕಥೆಗಳನ್ನು ಪ್ರೀತಿಸುವ ಓದುಗರು ಈ ಬೇರನ್ನು ಒಮ್ಮೆ ಹಿಡಿದು ನೋಡಬೇಕು. ನೋಡಿದ ಮೇಲೆ, ಕಪಾಟಿನಲ್ಲಿರುವ ಹಳೆಯ ಶಿಕಾರಿ ಪುಸ್ತಕಗಳನ್ನೂ ಬೇರೆ ಕಣ್ಣಿನಿಂದ ಓದುವಂತಾಗುತ್ತದೆ.

ಕೋವಿ ಕೆಳಗಿಟ್ಟ ಅಧಿಕಾರಿ

ಚಾಂಪಿಯನ್ ಹುಟ್ಟಿದ್ದು 1893ರಲ್ಲಿ, ಇಂಗ್ಲೆಂಡಿನಲ್ಲಿ. ತಂದೆ ಜಾರ್ಜ್ ಚಾಂಪಿಯನ್ ಹೆಸರಾಂತ ಕೀಟತಜ್ಞರು. ಅಣ್ಣತಮ್ಮಂದಿರಿಬ್ಬರೂ ಭಾರತದ ಅರಣ್ಯ ಸೇವೆಗೆ ಬಂದರು. ಹ್ಯಾರಿ ಚಾಂಪಿಯನ್ ಭಾರತದ ಕಾಡುಗಳನ್ನು ಬಗೆಬಗೆಯಾಗಿ ವಿಂಗಡಿಸಿದವರು. ನಿತ್ಯಹರಿದ್ವರ್ಣ, ಎಲೆಯುದುರುವ ಕಾಡು, ಕುರುಚಲು ಕಾಡು ಎಂದು ನಮ್ಮ ಅರಣ್ಯ ಇಲಾಖೆ ಇಂದಿಗೂ ಬಳಸುವ ವರ್ಗೀಕರಣಕ್ಕೆ ಅವರ ಕೆಲಸವೇ ಅಡಿಪಾಯ. ಫ್ರೆಡರಿಕ್ ಮೊದಲು 1913ರಲ್ಲಿ ಪೊಲೀಸ್ ಇಲಾಖೆಗೆ ಸೇರಿ ಬಂಗಾಳದ ಕಡೆ ಇದ್ದರು. ಮೊದಲ ಮಹಾಯುದ್ಧದಲ್ಲಿ ಸೈನ್ಯದಲ್ಲಿ ದುಡಿದರು. ಯುದ್ಧ ಮುಗಿದ ಮೇಲೆ ಅರಣ್ಯ ಇಲಾಖೆಗೆ ಬಂದು ಶಿವಾಲಿಕ್ ಬೆಟ್ಟಗಳ ತಪ್ಪಲಿನಲ್ಲಿ, ಇವತ್ತು ರಾಜಾಜಿ ಮತ್ತು ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶಗಳು ಇರುವ ಸೀಮೆಯಲ್ಲಿ, ಕೆಲಸ ಮಾಡಿದರು.

ಆ ಕಾಲದ ಅರಣ್ಯಾಧಿಕಾರಿಗೆ ಕೋವಿ ಸಮವಸ್ತ್ರದ ಒಂದು ಭಾಗವೇ ಆಗಿತ್ತು. ಕಾಡನ್ನು ಶಿಕಾರಿಗೆಂದು ಭಾಗ ಮಾಡಿ ಪರವಾನಗಿ ಕೊಡುವುದು, ದೊಡ್ಡ ಅಧಿಕಾರಿಗಳು ಬಂದಾಗ ಹುಲಿಯ ಸುಳಿವು ಹಿಡಿದು ಹೇಳುವುದು ಇಲಾಖೆಯ ಮಾಮೂಲಿ ಕೆಲಸ. ಯುದ್ಧ ಕಂಡು ಬಂದ ಚಾಂಪಿಯನ್ ಅವರಿಗೆ ಮೋಜಿಗಾಗಿ ಕೊಲ್ಲುವುದು ಬೇಡವಾಗಿತ್ತು. ಕೊಲ್ಲದೆಯೂ ಹುಲಿಯನ್ನು ಮನೆಗೆ ತರಬಹುದು, ಚಿತ್ರದಲ್ಲಿ ತರಬಹುದು ಎಂದು ಅವರು ಹಟ ಹಿಡಿದರು. ಹಗಲಿನಲ್ಲಿ ಬಾಲಮತಿ ಎಂಬ ಹೆಣ್ಣಾನೆಯ ಮೇಲೆ ಕುಳಿತು ಕಾಡು ಸುತ್ತಿ ಚಿತ್ರ ತೆಗೆದರು. ಆನೆಯನ್ನು ಕಂಡರೆ ಕಾಡುಪ್ರಾಣಿಗಳು ಅಷ್ಟಾಗಿ ಬೆದರುವುದಿಲ್ಲ. ಆದರೆ ಹುಲಿಯ ಓಡಾಟವೆಲ್ಲ ಹೆಚ್ಚಾಗಿ ರಾತ್ರಿಯದು. ಕತ್ತಲಲ್ಲಿ ಅಟ್ಟಣೆ ಹತ್ತಿ ಕುಳಿತರೆ ಸಿಗುವುದು ಸದ್ದು ಮಾತ್ರ. ರಾತ್ರಿಯ ಹುಲಿ ಬೇಕೆಂದರೆ ಕ್ಯಾಮೆರಾವನ್ನು ಅಲ್ಲಿ ಬಿಟ್ಟು ಮನುಷ್ಯ ದೂರ ಹೋಗಬೇಕು. ಈ ಯೋಚನೆ ಚಿತ್ರವಾಗಿ ಕೈಗೆ ಬರಲು ವರ್ಷಗಳೇ ಹಿಡಿದವು.

ತಂತಿ, ಬೆಳಕು, ಕಾಯುವಿಕೆ

ಉಪಾಯ ಕೇಳಲು ಸರಳ. ಹುಲಿ ಸಂಚರಿಸುವ ದಾರಿಗೆ ಅಡ್ಡಲಾಗಿ, ನೆಲದಿಂದ ತುಸು ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತಂತಿ ಕಟ್ಟುವುದು. ದಾರಿಯ ಪಕ್ಕದಲ್ಲಿ ಪೆಟ್ಟಿಗೆಯೊಳಗೆ ಕ್ಯಾಮೆರಾ, ಅದರ ಹತ್ತಿರ ಮೆಗ್ನೀಷಿಯಂ ಪುಡಿ. ಹುಲಿಯ ಕಾಲು ತಂತಿಗೆ ತಗಲಿದ ಕೂಡಲೇ ಪುಡಿ ಹೊತ್ತಿ ಬೆಳಕು ಸಿಡಿಯಬೇಕು. ಅದೇ ಗಳಿಗೆಯಲ್ಲಿ ಕ್ಯಾಮೆರಾದ ಕಣ್ಣು ತೆರೆದು ಮುಚ್ಚಬೇಕು.

ಮಾಡಲು ಹೊರಟರೆ ಪ್ರತಿ ಹಂತವೂ ಒಂದು ಸಮಸ್ಯೆ. ಮೊದಲನೆಯದು ಜಾಗ. ಹುಲಿ ಸುಮ್ಮನೆ ಪೊದೆಗಳ ನಡುವೆ ನುಗ್ಗುತ್ತಾ ಹೋಗುವ ಪ್ರಾಣಿಯಲ್ಲ. ಅಂಗಾಲು ಮೆತ್ತಗಿರುವ ಪ್ರಾಣಿ, ಸದ್ದಿಲ್ಲದೆ ದೂರ ನಡೆಯಬೇಕಾದ ಪ್ರಾಣಿ. ಹಾಗಾಗಿ ಅದಕ್ಕೆ ಬಂಡಿದಾರಿ, ಬೆಂಕಿರೇಖೆ, ಒಣಗಿದ ಹಳ್ಳದ ಮರಳು ಇಷ್ಟ. ಇದು ಗೊತ್ತಿದ್ದವನು ಮಾತ್ರ ತಂತಿ ಕಟ್ಟಬೇಕಾದ ಜಾಗ ಆರಿಸಬಲ್ಲ. ದಿನನಿತ್ಯ ಮರ ಎಣಿಸಲು, ದಾರಿ ನೋಡಲು, ಬೆಂಕಿರೇಖೆ ಸವರಿಸಲು ಕಾಡು ಸುತ್ತುವ ಅರಣ್ಯಾಧಿಕಾರಿಗೆ ಆ ತಿಳಿವಳಿಕೆ ಕೆಲಸದ ಜೊತೆಗೇ ಸಿಗುತ್ತದೆ. ಬೇಟೆಗೆಂದು ಹತ್ತು ದಿನ ಬಂದು ಹೋಗುವವರಿಗೆ ಅದು ಸಿಗುವುದಿಲ್ಲ. ನೆಲದ ಮೇಲಿನ ಹೆಜ್ಜೆ, ಮರದ ಮೇಲಿನ ಉಗುರಿನ ಗೀರು, ದಾರಿಬದಿಯ ಪೊದೆಗೆ ಚಿಮ್ಮಿಸಿದ ಮೂತ್ರದ ವಾಸನೆ ಇವೆಲ್ಲ ಯಾವ ದಾರಿಯಲ್ಲಿ ಹುಲಿ ಮತ್ತೆ ಬರುತ್ತದೆ ಎಂಬುದನ್ನು ಹೇಳುತ್ತವೆ.

ಎರಡನೆಯದು, ತಂತಿಗೆ ಹುಲಿಯ ಕಾಲು, ಜಿಂಕೆಯ ಕಾಲು ಎಂಬ ಭೇದ ತಿಳಿಯದು. ಮುಳ್ಳುಹಂದಿ, ಕತ್ತೆಕಿರುಬ, ಕಡವೆ, ಊರಿಗೆ ಮರಳುವ ದನ ಯಾವುದು ತಗಲಿದರೂ ಬೆಳಕು ಸಿಡಿಯುತ್ತದೆ. ಸಿಡಿದರೆ ಆ ರಾತ್ರಿಯ ಕೆಲಸ ಮುಗಿಯಿತು. ಪುಡಿ ಉರಿದುಹೋಗಿರುತ್ತದೆ, ಕ್ಯಾಮೆರಾದಲ್ಲಿ ಇದ್ದ ಒಂದೇ ಅವಕಾಶ ಬಳಕೆಯಾಗಿರುತ್ತದೆ. ಅರ್ಧ ಗಂಟೆಯ ನಂತರ ಅದೇ ದಾರಿಯಲ್ಲಿ ಹುಲಿಯೇ ಬಂದರೂ ಬೆಳಗ್ಗೆ ಸಿಗುವುದು ಅದರ ಹೆಜ್ಜೆ ಮಾತ್ರ. ಹೀಗೆ ಬೇಡದೆ ಬಂದ ಅತಿಥಿಗಳನ್ನು ಚಾಂಪಿಯನ್ ವ್ಯರ್ಥವೆಂದು ಬಿಸಾಡಲಿಲ್ಲ. ಶಿಕಾರಿಯವರು ಲಕ್ಷ್ಯಕ್ಕೇ ತೆಗೆದುಕೊಳ್ಳದ ಸಣ್ಣ ನಿಶಾಚರಿಗಳ ಬದುಕನ್ನೂ ಅವರು ಚಿತ್ರಸಹಿತ ಬರೆದರು.

ಮೂರನೆಯದು ಹವೆ. ಮೆಗ್ನೀಷಿಯಂ ಪುಡಿಗೆ ತೇವ ತಗಲಬಾರದು, ಕ್ಯಾಮೆರಾದ ಗಾಜಿನ ಮೇಲೆ ಇಬ್ಬನಿ ಕೂರಬಾರದು. ಹಿಮಾಲಯದ ತಪ್ಪಲಿನ ಚಳಿಗಾಲದ ರಾತ್ರಿಯಲ್ಲಿ ಇವೆರಡನ್ನೂ ತಡೆಯುವುದು ಸುಲಭವಲ್ಲ. ಪ್ರತಿ ಸಂಜೆ ಹೋಗಿ ಎಲ್ಲವನ್ನೂ ಹೊಂದಿಸಬೇಕು, ಪ್ರತಿ ಬೆಳಗ್ಗೆ ಹೋಗಿ ಬಿಚ್ಚಬೇಕು. ನಡುವೆ ಇಲಾಖೆಯ ಕೆಲಸ ನಡೆಯುತ್ತಿರಬೇಕು.

ಇದನ್ನೆಲ್ಲ ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಬೇಟೆಯ ಕಥೆಯಲ್ಲಿ ಕಾಯುವ ಭಾಗ ಗುಂಡು ಹಾರುವ ಗಳಿಗೆಗೆ ಪೀಠಿಕೆಯಾಗಿ ಮಾತ್ರ ಬರುತ್ತದೆ. ಚಾಂಪಿಯನ್ ಅವರ ಬರಹದಲ್ಲಿ ಕಾಯುವುದೇ ತಿಳಿವಳಿಕೆ. ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ದಿನಕ್ಕೊಮ್ಮೆ ಎಂದು ಕೇಳುತ್ತ ಹೋದವರಿಗೆ ಹುಲಿಯ ಬದುಕಿನ ನಕ್ಷೆಯೇ ತೆರೆದುಕೊಳ್ಳುತ್ತದೆ.

ಪಟ್ಟೆಗಳು ಹೇಳಿದ ಗುಟ್ಟು

ಹಲವು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಕಣ್ಣಿಗೆ ಬೀಳುವ ಒಂದು ಸಂಗತಿಯಿದೆ. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರ ಪಟ್ಟೆ ಇರುವುದಿಲ್ಲ. ಕೆಲವು ಪಟ್ಟೆ ಕವಲೊಡೆಯುತ್ತವೆ, ಕೆಲವು ಕೂಡಿಕೊಂಡು ಕುಣಿಕೆಯಾಗುತ್ತವೆ, ಕೆಲವು ಹೊಟ್ಟೆಯ ಹತ್ತಿರ ತುಂಡಾಗಿ ನಿಲ್ಲುತ್ತವೆ. ಈ ವಿನ್ಯಾಸ ಮರಿಯಿಂದ ಮುದಿತನದವರೆಗೆ ಬದಲಾಗುವುದಿಲ್ಲ. ಆದ್ದರಿಂದ ಚಿತ್ರವಿದ್ದರೆ ಯಾವ ಹುಲಿ ಯಾವುದು ಎಂದು ಗುರುತು ಹಿಡಿಯಬಹುದು ಎಂಬುದನ್ನು ಚಾಂಪಿಯನ್ ಕಂಡುಕೊಂಡರು.

ಅದುವರೆಗೆ ಶಿಕಾರಿ ಸಾಹಿತ್ಯದಲ್ಲಿ ಹುಲಿಗೆ ಗುರುತು ಇದ್ದದ್ದು ಅದು ಮಾಡಿದ ಹಾವಳಿಯಿಂದ, ಇಲ್ಲವೇ ಸತ್ತ ಮೇಲೆ ಅಳೆದ ಉದ್ದದಿಂದ. ಬದುಕಿರುವಾಗಲೇ ಒಂದು ಹುಲಿಯನ್ನು ಇಂಥದೇ ಎಂದು ಹೇಳಿ, ಆರು ತಿಂಗಳ ನಂತರ ಮತ್ತೆ ಅದೇ ಎಂದು ಸಾಬೀತು ಮಾಡುವುದು ಹೊಸ ಮಾತು. ಕಾಡಿನ ಕಡತದಲ್ಲಿ ಹುಲಿ ಒಂದು ಜಾತಿಯಾಗಿದ್ದದ್ದು ಒಂದೊಂದು ಜೀವವಾಯಿತು.

ಈ ಚಿತ್ರಗಳು ಬೇಟೆಗಾರರನ್ನೂ ಮುಟ್ಟಿದವು. ಜಿಮ್ ಕಾರ್ಬೆಟ್ ಕೋವಿಯ ಜೊತೆಗೆ ಕ್ಯಾಮೆರಾ ಹಿಡಿಯಲು ಚಾಂಪಿಯನ್ ಅವರ ಚಿತ್ರಗಳು ಪ್ರೇರಣೆಯಾದವು. ಮುಂದೆ ಕಾರ್ಬೆಟ್ ಹುಲಿಗಳ ಚಲನಚಿತ್ರವನ್ನೇ ತೆಗೆದರು. ಕ್ಯಾಮೆರಾದ ಗರಗರ ಸದ್ದು ಹುಲಿಗೆ ಕೇಳದಿರಲೆಂದು ಕಾಡಿನ ತೊರೆಗೆ ಸಣ್ಣ ಸಣ್ಣ ಕಟ್ಟೆ ಕಟ್ಟಿ, ನೀರಿನ ಸದ್ದು ಎಬ್ಬಿಸಿ, ಅದರ ಮರೆಯಲ್ಲಿ ಚಿತ್ರೀಕರಿಸಿದ ಬಗೆಯನ್ನು ಅವರು ತಮ್ಮ ಮೊದಲ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ವಿವರಿಸಿದ್ದಾರೆ. ನರಭಕ್ಷಕಗಳ ಕಥೆಗೆಂದು ಆ ಪುಸ್ತಕ ಹಿಡಿದವರು ಈ ಅಧ್ಯಾಯವನ್ನು ದಾಟಿಹೋಗುವುದುಂಟು. ನನಗೆ ಅದು ಆ ಪುಸ್ತಕದ ಅತ್ಯಂತ ಬೆಲೆಯುಳ್ಳ ಭಾಗಗಳಲ್ಲಿ ಒಂದು.

ಕಂಡದ್ದು, ಕೇಳಿದ್ದು, ಊಹಿಸಿದ್ದು

ಕ್ಯಾಮೆರಾ ಕಂಡದ್ದನ್ನಷ್ಟೇ ಹೇಳುತ್ತದೆ. ನೆನಪು ಹಾಗಲ್ಲ. ಕಾಡಿನ ನೆನಪುಗಳ ಪುಸ್ತಕಗಳಲ್ಲಿ ಮೂರು ಬಗೆಯ ಮಾತುಗಳು ಹೆಣೆದುಕೊಂಡಿರುತ್ತವೆ. ಬರೆದವರು ಕಣ್ಣಾರೆ ಕಂಡದ್ದು, ಬೇರೆಯವರಿಂದ ಕೇಳಿದ್ದು, ಇವೆರಡರ ಮೇಲೆ ಊಹಿಸಿದ್ದು. ಈ ಎಳೆಗಳನ್ನು ಬೇರೆಬೇರೆ ಮಾಡಿ ನೋಡುವುದನ್ನು ಕಲಿತರೆ ಪುಸ್ತಕದ ರಸ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಎಲ್ಲರಿಗೂ ಪರಿಚಿತವಾದ ಚಂಪಾವತದ ಹೆಣ್ಣುಹುಲಿಯನ್ನೇ ತೆಗೆದುಕೊಳ್ಳಿ. ಕಾರ್ಬೆಟ್ ಅದನ್ನು ಕೊಂದದ್ದು 1907ರಲ್ಲಿ. ಅದರ ಕಥೆ ಇರುವ 'ಮ್ಯಾನ್‌ಈಟರ್ಸ್ ಆಫ್ ಕುಮಾವೂಂ' ಅಚ್ಚಾದದ್ದು 1944ರಲ್ಲಿ. ನಡುವೆ 37 ವರ್ಷ. ಆ ಹುಲಿ 436 ಜನರನ್ನು ಕೊಂದಿತ್ತು ಎಂಬ ಸಂಖ್ಯೆ ಲೋಕಪ್ರಸಿದ್ಧ. ಆ ಸಂಖ್ಯೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಭಾಗ ಕಾಣುತ್ತವೆ. ನೇಪಾಳದಲ್ಲಿ 200, ಉಳಿದದ್ದು ಕುಮಾವೂಂ ಸೀಮೆಯಲ್ಲಿ. ಕುಮಾವೂಂನದು ಬ್ರಿಟಿಷ್ ಆಡಳಿತದ ನೆಲದಲ್ಲಿ ಒಂದೊಂದಾಗಿ ಎಣಿಕೆಗೆ ಸಿಕ್ಕ ಸಾವುಗಳು. ನೇಪಾಳದ ದುಂಡಾದ 200, ಗಡಿ ದಾಟಿ ಬಾಯಿಂದ ಬಾಯಿಗೆ ಬಂದ ಸುದ್ದಿ. ಎರಡನ್ನೂ ಕೂಡಿಸಿದಾಗ ಹುಟ್ಟಿದ 436 ನೋಡಲು ಬಹಳ ನಿಖರವಾಗಿ ಕಾಣುತ್ತದೆ. ಆದರೆ ಅದರ ಸುಮಾರು ಅರ್ಧ ಭಾಗ ಕೇಳಿದ ಮಾತು.

ಇನ್ನು ಕಂಡದ್ದು. ಹುಲಿ ಸತ್ತ ಮೇಲೆ ಕಾರ್ಬೆಟ್ ಅದರ ಬಾಯಿ ತೆರೆದು ನೋಡಿದರು. ಬಲಬದಿಯ ಮೇಲಿನ ಕೋರೆಹಲ್ಲು ಅರ್ಧಕ್ಕೆ ಮುರಿದಿತ್ತು, ಕೆಳಗಿನದು ಬುಡದವರೆಗೆ ಹೋಗಿತ್ತು. ಹಳೆಯ ಗುಂಡೇಟಿನ ಫಲ ಅದು. ಇದು ಕೈಯಿಂದ ಮುಟ್ಟಿ ನೋಡಿದ ಸಾಕ್ಷ್ಯ. ಹಲ್ಲು ಮುರಿದದ್ದರಿಂದ ಕಾಡಿನ ಬೇಟೆ ಹಿಡಿಯಲಾಗದೆ ಅದು ಮನುಷ್ಯರ ಮೇಲೆ ತಿರುಗಿತು ಎಂಬುದು ಊಹೆ. ಬಹಳ ಬಲವಾದ, ಒಪ್ಪಬಹುದಾದ ಊಹೆ. ಗಾಯಗೊಳಿಸಿ ಬಿಟ್ಟ ಹುಲಿ ಊರಿಗೇ ಅಪಾಯ ಎಂಬ ಅರಿವು ಬೇಟೆಗಾರರಿಗೆ ಬರಲು ಕಾರ್ಬೆಟ್ ಅವರ ಈ ಮಾತು ತುಂಬ ನೆರವಾಯಿತು. ಆದರೂ ಎಲ್ಲ ನರಭಕ್ಷಕಗಳೂ ಗಾಯಗೊಂಡವೇ ಆಗಿರುವುದಿಲ್ಲ. ತನ್ನ ಸೀಮೆ ಕಳೆದುಕೊಂಡ ಹುಲಿ, ಬೇಟೆ ಪ್ರಾಣಿಗಳೇ ಬರಿದಾದ ಕಾಡಿನ ಹುಲಿ, ತಾಯಿಯಿಂದ ಬೇರೆಯಾಗಿ ಇನ್ನೂ ನೆಲೆ ಕಾಣದ ಎಳೆಯ ಹುಲಿ ಇವೂ ಆ ದಾರಿ ಹಿಡಿಯಬಹುದು. ಒಂದು ಹುಲಿಯ ಬಾಯಿಯಲ್ಲಿ ಕಂಡದ್ದನ್ನು ಎಲ್ಲ ಹುಲಿಗಳ ನಿಯಮವೆಂದು ತಿಳಿದರೆ ತಪ್ಪು ಓದುಗನದು, ಕಾರ್ಬೆಟ್ ಅವರದಲ್ಲ.

ನನ್ನ ಸಲಹೆ ಇಷ್ಟೇ. ಓದುವಾಗ ಕೈಯಲ್ಲೊಂದು ಪೆನ್ಸಿಲ್ ಇರಲಿ. ಹೆಜ್ಜೆ, ಗಾಯ, ಅಳತೆ, ಹೊತ್ತು, ಗಾಳಿಯ ದಿಕ್ಕು ಇಂಥ ವಿವರ ಬಂದಲ್ಲಿ ಗೆರೆ ಎಳೆಯಿರಿ. ಪುಸ್ತಕ ಮುಗಿದ ಮೇಲೆ ಆ ಗೆರೆಗಳನ್ನಷ್ಟೇ ಮತ್ತೆ ಓದಿ. ಕಥೆಯ ಆಚೆಗೂ ನಿಲ್ಲುವ ಭಾಗ ಅಲ್ಲಿರುತ್ತದೆ. ಅಧಿಕಾರಿಗಳ ಪುಸ್ತಕಗಳಲ್ಲಿ ಇಂಥ ಗೆರೆಗಳು ಹೆಚ್ಚು ಸಿಗುತ್ತವೆ. ಪ್ರವಾಸದ ದಿನಚರಿ ಬರೆಯುವುದು ಅವರ ಕೆಲಸದ ಕಟ್ಟುಪಾಡಾಗಿತ್ತು. ನೆನಪು ಮಸುಕಾದಾಗ ತಿರುಗಿಸಿ ನೋಡಲು ಅವರ ಬಳಿ ತಾರೀಕು ಹಾಕಿದ ಪುಟಗಳಿದ್ದವು.

ಶಿವಾಲಿಕ್ ತಪ್ಪಲಿನಿಂದ ನಾಗರಹೊಳೆಗೆ

ಚಾಂಪಿಯನ್ ಕಂಡ ಪಟ್ಟೆಯ ಗುಟ್ಟು ಹಲವು ದಶಕ ಪುಸ್ತಕದಲ್ಲೇ ಉಳಿಯಿತು. 1960ರ ದಶಕದಲ್ಲಿ ಜಾರ್ಜ್ ಶಾಲರ್ ಕಾನ್ಹಾ ಕಾಡಿನಲ್ಲಿ ಹುಲಿಗಳನ್ನು ಮುಖದ ಗುರುತಿನಿಂದ ಬೇರ್ಪಡಿಸಿದರು. ನೇಪಾಳದ ಚಿತ್ವನ್‌ನಲ್ಲಿ ಚಾರ್ಲ್ಸ್ ಮೆಕ್‌ಡೂಗಲ್ ಕ್ಯಾಮೆರಾ ಇಟ್ಟು ಒಂದೊಂದು ಹುಲಿಯ ಸಂಸಾರವನ್ನೂ ಹಿಂಬಾಲಿಸಿ 1977ರಲ್ಲಿ 'ದಿ ಫೇಸ್ ಆಫ್ ದಿ ಟೈಗರ್' ಬರೆದರು. ಆದರೆ ನಮ್ಮ ದೇಶದ ಸರಕಾರಿ ಎಣಿಕೆ ನಡೆಯುತ್ತಿದ್ದದ್ದು ಹೆಜ್ಜೆಗುರುತಿನ ಮೇಲೆ. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ ಅದನ್ನು 1966ರ ಹೊತ್ತಿಗೆ ರೂಪಿಸಿದ್ದರು. ಸಿಬ್ಬಂದಿ ಕಾಡೆಲ್ಲ ನಡೆದು, ಹಿಂಗಾಲಿನ ಹೆಜ್ಜೆಯ ಮೇಲೆ ಗಾಜಿಟ್ಟು ಅದರ ಅಂಚನ್ನು ಬರೆದುಕೊಳ್ಳುತ್ತಿದ್ದರು. ಆ ಚಿತ್ರಗಳನ್ನು ಹೋಲಿಸಿ, ಬೇರೆಬೇರೆ ಹೆಜ್ಜೆ ಎಷ್ಟೋ ಅಷ್ಟು ಹುಲಿ ಎಂದು ಲೆಕ್ಕ.

ತೊಡಕು ನೆಲದಲ್ಲಿದೆ. ಒಂದೇ ಹುಲಿಯ ಒಂದೇ ಪಾದ ಒಣ ಧೂಳಿನಲ್ಲಿ ಒಂದು ಅಳತೆ, ಹಸಿಮಣ್ಣಿನಲ್ಲಿ ಇನ್ನೊಂದು ಅಳತೆ. ಇಳಿಜಾರಿನಲ್ಲಿ ಬೆರಳು ಅಗಲವಾಗುತ್ತದೆ, ಓಡಿದರೆ ಉದ್ದವಾಗುತ್ತದೆ. ಗೆರೆ ಎಳೆಯುವ ಕೈ ಬದಲಾದರೆ ಆಕಾರವೂ ಬದಲಾಗುತ್ತದೆ. ಕಲ್ಲುನೆಲದಲ್ಲಿ, ಎಲೆ ಹಾಸಿದ ದಾರಿಯಲ್ಲಿ ಹೆಜ್ಜೆಯೇ ಮೂಡುವುದಿಲ್ಲ. ಉಲ್ಲಾಸ ಕಾರಂತರು 1980ರ ದಶಕದಲ್ಲೇ ಇದನ್ನು ಪರೀಕ್ಷೆಗೆ ಒಡ್ಡಿದ್ದರು. ಕೆಲವೇ ಸಾಕು ಹುಲಿಗಳಿಂದ ಪಡೆದ ಹಲವು ಹೆಜ್ಜೆಚಿತ್ರಗಳನ್ನು ಅನುಭವಿಗಳ ಮುಂದಿಟ್ಟಾಗ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳಿದರು. ಈ ವಿಧಾನವನ್ನು ನಂಬಿದ್ದರ ಬೆಲೆ 2005ರಲ್ಲಿ ಇಡೀ ದೇಶಕ್ಕೆ ತಿಳಿಯಿತು. ರಾಜಸ್ಥಾನದ ಸರಿಸ್ಕಾದಲ್ಲಿ ಕಡತಗಳಲ್ಲಿ ಹುಲಿಗಳಿದ್ದವು, ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಕಳ್ಳಬೇಟೆಗಾರರು ಅಷ್ಟನ್ನೂ ಮುಗಿಸಿದ್ದರು.

ಶಿವರಾಮ ಕಾರಂತರ ಮಗನಾದ ಉಲ್ಲಾಸ ಕಾರಂತರು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಆ ಕಸುಬು ಬಿಟ್ಟು ನಾಗರಹೊಳೆಯಲ್ಲಿ ಹುಲಿಯ ಅಧ್ಯಯನಕ್ಕೆ ಇಳಿದರು. 1990ರ ದಶಕದಲ್ಲಿ ಅವರು ಚಾಂಪಿಯನ್ ಅವರ ತಂತಿಯನ್ನು ಹೊಸ ರೂಪದಲ್ಲಿ ಮತ್ತೆ ಕಟ್ಟಿದರು. ತಂತಿಯ ಜಾಗದಲ್ಲಿ ಕಣ್ಣಿಗೆ ಕಾಣದ ಅತಿಗೆಂಪು ಕಿರಣ, ಮೆಗ್ನೀಷಿಯಂ ಪುಡಿಯ ಜಾಗದಲ್ಲಿ ಎಲೆಕ್ಟ್ರಾನಿಕ್ ಫ್ಲ್ಯಾಶ್, ಒಂದು ರಾತ್ರಿಗೆ ಒಂದೇ ಚಿತ್ರದ ಜಾಗದಲ್ಲಿ ಇಡೀ ಫಿಲ್ಮ್ ರೋಲು. ಜಾಗ ಆರಿಸುವ ಬಗೆ ಮಾತ್ರ ಹಳೆಯದೇ. ಅದೇ ಬಂಡಿದಾರಿ, ಅದೇ ಹಳ್ಳದ ಮರಳು, ಅದೇ ಉಗುರಿನ ಗೀರು.

ದಾರಿಯ ಎರಡೂ ಬದಿಯಲ್ಲಿ, ಮನುಷ್ಯನ ಮೊಣಕಾಲಿನ ಎತ್ತರದಲ್ಲಿ ಒಂದೊಂದು ಕ್ಯಾಮೆರಾ ಇರುತ್ತದೆ. ಎರಡು ಏಕೆಂದರೆ ಹುಲಿಯ ಎಡಮೈಯ ಪಟ್ಟೆ ಬಲಮೈಯ ಪಟ್ಟೆಯಂತಿರುವುದಿಲ್ಲ. ಇಂದು ಎಡಮೈ, ನಾಳೆ ಬಲಮೈ ಸಿಕ್ಕರೆ ಅದು ಒಂದೇ ಹುಲಿಯೋ ಎರಡೋ ಹೇಳಲಾಗುವುದಿಲ್ಲ. ಒಂದೇ ಗಳಿಗೆಯಲ್ಲಿ ಎರಡೂ ಮೈ ಸಿಕ್ಕರೆ ಆ ಅನುಮಾನವಿಲ್ಲ.

ಆದರೆ ಚಿತ್ರಕ್ಕೆ ಸಿಕ್ಕ ಹುಲಿಗಳಷ್ಟೇ ಕಾಡಿನಲ್ಲಿ ಇವೆ ಎನ್ನಲಾಗದು. ಸಿಗದೆ ಉಳಿದವು ಎಷ್ಟು? ಇಲ್ಲಿ ಲೆಕ್ಕ ನೆರವಿಗೆ ಬರುತ್ತದೆ. ಉದಾಹರಣೆಗೆ ಒಂದು ಕಾಡಿನಲ್ಲಿ ಮೊದಲ ಸುತ್ತಿನಲ್ಲಿ 12 ಬೇರೆಬೇರೆ ಹುಲಿಗಳು ಚಿತ್ರಕ್ಕೆ ಸಿಕ್ಕವು ಎನ್ನೋಣ. ಕೆಲವು ದಿನ ಬಿಟ್ಟು ಎರಡನೆಯ ಸುತ್ತು. ಈ ಸಲ 10 ಹುಲಿ ಸಿಕ್ಕವು. ಪಟ್ಟೆ ಹೋಲಿಸಿದಾಗ ಆ 10ರಲ್ಲಿ 6 ಹಳೆಯ ಪರಿಚಯದವು, 4 ಹೊಸವು. ಅಂದರೆ ಎರಡನೆಯ ಸುತ್ತಿನಲ್ಲಿ ಕಂಡವುಗಳ ಪೈಕಿ 10ಕ್ಕೆ 6 ಪಾಲು ಮೊದಲೇ ಗುರುತಾದವು. ಇಡೀ ಕಾಡಿಗೂ ಇದೇ ಪ್ರಮಾಣ ಎಂದುಕೊಂಡರೆ, ಮೊದಲು ಗುರುತಾದ 12 ಹುಲಿಗಳು ಒಟ್ಟು ಸಂಖ್ಯೆಯ 10ರಲ್ಲಿ 6 ಪಾಲು. ಹಾಗಾದರೆ ಒಟ್ಟು 20. ನಾವು ಕಂಡದ್ದು 16 ಹುಲಿ, ಕಾಣದೆ ಉಳಿದವು ಸುಮಾರು 4.

ಈ ಲೆಕ್ಕ ಎಷ್ಟು ನಾಜೂಕು ಎಂಬುದನ್ನೂ ನೋಡಿ. ಪಟ್ಟೆ ಹೋಲಿಸುವಾಗ ಒಂದೇ ಒಂದು ಹಳೆಯ ಹುಲಿಯನ್ನು ಹೊಸದೆಂದು ಬರೆದುಕೊಂಡೆವು ಎನ್ನಿ. ಆಗ 10ರಲ್ಲಿ 5 ಮಾತ್ರ ಹಳೆಯವು, ಅಂದರೆ ಅರ್ಧ. ಮೊದಲ 12 ಒಟ್ಟು ಸಂಖ್ಯೆಯ ಅರ್ಧವೆಂದಾಗಿ ಉತ್ತರ 24ಕ್ಕೆ ಹೋಗುತ್ತದೆ. ಒಂದು ಚಿತ್ರ ಓದುವಲ್ಲಿನ ತಪ್ಪು ಕಾಡಿಗೆ ಇಲ್ಲದ ನಾಲ್ಕು ಹುಲಿ ತಂದುಬಿಡುತ್ತದೆ. ಎರಡು ಸುತ್ತುಗಳ ನಡುವೆ ಬಹಳ ಕಾಲ ಕಳೆದರೂ ತೊಂದರೆ. ಆ ಹೊತ್ತಿಗೆ ಹುಲಿ ಸಾಯಬಹುದು, ಹೊಸದು ಬರಬಹುದು. ಅದಕ್ಕೇ ಇಡೀ ಕೆಲಸವನ್ನು ಒಂದೆರಡು ತಿಂಗಳಲ್ಲಿ ಮುಗಿಸುತ್ತಾರೆ. ಕ್ಯಾಮೆರಾಗಳ ನಡುವೆ ಒಂದು ಹುಲಿ ಸಿಗದೆ ಬದುಕಿಬಿಡುವಷ್ಟು ದೊಡ್ಡ ಖಾಲಿ ಜಾಗವೂ ಇರಬಾರದು. ನಿಜವಾದ ಅಧ್ಯಯನದಲ್ಲಿ ಸುತ್ತುಗಳು ಎರಡಲ್ಲ, ಹಲವು. ಕೆಲವು ಹುಲಿಗಳು ಕ್ಯಾಮೆರಾಕ್ಕೆ ಸುಲಭವಾಗಿ ಸಿಗುತ್ತವೆ, ಕೆಲವು ಸಿಗುವುದಿಲ್ಲ ಎಂಬುದಕ್ಕೂ ಲೆಕ್ಕದಲ್ಲಿ ಜಾಗ ಕೊಡುತ್ತಾರೆ. ತಳದ ತರ್ಕ ಮಾತ್ರ ಇದೇ.

ನಾಗರಹೊಳೆಯ ಈ ಕೆಲಸವನ್ನು ಕಾರಂತರು 1995ರಲ್ಲಿ ಪ್ರಕಟಿಸಿದರು. ಮುಂದೆ ಅಮೆರಿಕದ ಜೇಮ್ಸ್ ನಿಕೋಲ್ಸ್ ಜೊತೆಗೂಡಿ ವಿಧಾನವನ್ನು ಇನ್ನಷ್ಟು ಗಟ್ಟಿಮಾಡಿದರು. 2006ರಿಂದ ದೇಶದ ಹುಲಿ ಗಣತಿಯೂ ಹೆಜ್ಜೆಚಿತ್ರ ಬಿಟ್ಟು ಕ್ಯಾಮೆರಾದ ಕಡೆ ತಿರುಗಿತು. 2022ರ ಗಣತಿಯಲ್ಲಿ ಕರ್ನಾಟಕಕ್ಕೆ ಬಂದ ಅಂದಾಜು 563 ಹುಲಿಗಳು, ಮಧ್ಯಪ್ರದೇಶದ ನಂತರ ದೇಶದಲ್ಲಿ ಎರಡನೆಯ ಸ್ಥಾನ. ಆ 563ರ ಹಿಂದೆ ಶಿವಾಲಿಕ್ ತಪ್ಪಲಿನಲ್ಲಿ ಇಬ್ಬನಿ ಒರೆಸುತ್ತ ತಂತಿ ಬಿಗಿದ ಒಬ್ಬ ಅಧಿಕಾರಿ ಇದ್ದಾರೆ.

ಕ್ಯಾಮೆರಾಕ್ಕೆ ಕಾಣದ್ದು

ಹಾಗೆಂದು ಚಿತ್ರ ಮತ್ತು ಲೆಕ್ಕ ಬಂದ ಮೇಲೆ ನೆನಪುಗಳ ಪುಸ್ತಕದ ಕಾಲ ಮುಗಿಯಿತು ಎಂದಲ್ಲ. ಕ್ಯಾಮೆರಾ ಹುಲಿ ಇದೆ ಎಂದು ಹೇಳುತ್ತದೆ. ಅದು ಏಕೆ ಉಳಿದಿದೆ ಎಂದು ಹೇಳುವುದಿಲ್ಲ. ಆ ಉತ್ತರ ಬೇಕಾದರೆ ಕಾಡು ಕಾದವರ ಮಾತು ಕೇಳಬೇಕು. ಕನ್ನಡದಲ್ಲಿ ಅದಕ್ಕೆ ಒಳ್ಳೆಯ ಪುಸ್ತಕವಿದೆ. ಕೆ.ಎಂ. ಚಿಣ್ಣಪ್ಪನವರ ಅನುಭವಗಳನ್ನು ಟಿ.ಎಸ್. ಗೋಪಾಲ್ ನಿರೂಪಿಸಿದ 'ಕಾಡಿನೊಳಗೊಂದು ಜೀವ'.

ಚಿಣ್ಣಪ್ಪ ಕೊಡಗಿನವರು. 1960ರ ದಶಕದ ಕೊನೆಗೆ ಇಲಾಖೆಗೆ ಸೇರಿ, 1970ರಿಂದ 1993ರವರೆಗೆ ನಾಗರಹೊಳೆಯಲ್ಲಿದ್ದು, ರೇಂಜರ್ ಆಗಿ ಆ ಕಾಡನ್ನು ಕಾದರು. 2024ರಲ್ಲಿ ತೀರಿಕೊಂಡರು. ಅವರು ಬಂದಾಗಿನ ನಾಗರಹೊಳೆ ಇಂದಿನದಲ್ಲ. ಮರ ಕಡಿಯುವುದು, ಹಡ್ಲುಗಳಲ್ಲಿ ಗದ್ದೆ ಮಾಡುವುದು, ದನ ಮೇಯಿಸುವುದು, ಬೆಂಕಿ, ಕೋವಿ, ಉರುಳು ಎಲ್ಲವೂ ಇದ್ದವು. ಹಡ್ಲು ಎಂದರೆ ಕಾಡಿನ ನಡುವಿನ ಜೌಗು ಹುಲ್ಲುಬಯಲು. ಬೇಸಗೆಯಲ್ಲಿ ಸುತ್ತಲ ಹುಲ್ಲೆಲ್ಲ ಒಣಗಿದಾಗಲೂ ಅಲ್ಲಿ ಹಸಿರು ಉಳಿಯುತ್ತದೆ. ಅಲ್ಲಿ ಗದ್ದೆಯಿದ್ದರೆ ಜಿಂಕೆ, ಕಡವೆ, ಕಾಟಿಗೆ ಮೇವಿಲ್ಲ. ಅವು ಇಲ್ಲದಿದ್ದರೆ ಹುಲಿಗೆ ಊಟವಿಲ್ಲ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಬೇಟೆ ಬೇಕು. ಅಷ್ಟು ಸಿಗಬೇಕಾದರೆ ಅದರ ಸೀಮೆಯಲ್ಲಿ ಅದರ ಹತ್ತುಪಟ್ಟು ಪ್ರಾಣಿಗಳು ಬದುಕಿರಬೇಕು. ಹಡ್ಲು ಬಿಡಿಸುವುದು, ಉರುಳು ಕೀಳುವುದು, ರಾತ್ರಿ ಗಸ್ತು ತಿರುಗುವುದು, ಬೇಸಗೆಗೆ ಮೊದಲು ಬೆಂಕಿರೇಖೆ ಸವರುವುದು ಇವು ಯಾವ ಶಿಕಾರಿ ಕಥೆಯಲ್ಲೂ ನಾಯಕನ ಕೆಲಸವಲ್ಲ. ಹುಲಿ ಉಳಿದದ್ದು ಮಾತ್ರ ಇವುಗಳಿಂದ.

ಅದೇ ಕಾಡಿನಲ್ಲಿ ಉಲ್ಲಾಸ ಕಾರಂತರ ಕ್ಯಾಮೆರಾಗಳ ಮುಂದೆ ಅಷ್ಟು ಹುಲಿ ಹಾದುಹೋದವು ಎಂದರೆ, ಅದಕ್ಕೆ ಮುಂಚಿನ ಎರಡು ದಶಕ ಯಾರೋ ಅಲ್ಲಿ ಉರುಳು ಕಿತ್ತಿದ್ದರು. ಕಾರಂತರ 'ಎ ವ್ಯೂ ಫ್ರಮ್ ದಿ ಮಚಾನ್' ಪುಸ್ತಕವನ್ನೂ ಚಿಣ್ಣಪ್ಪನವರ ಅನುಭವಕಥನವನ್ನೂ ಒಂದರ ಹಿಂದೊಂದು ಓದಿದರೆ ಒಂದೇ ಕಾಡು ಎರಡು ಬದಿಯಿಂದ ಕಾಣುತ್ತದೆ. ಹುಲಿಯ ಎರಡು ಮೈಗೂ ಕ್ಯಾಮೆರಾ ಇಟ್ಟ ಹಾಗೆ.

ಕಾಡುಪ್ರಾಣಿಗಳ ಕಥೆಯನ್ನು ಪ್ರೀತಿಸುವವರಿಗೆ ನಾನು ಹೇಳುವ ಕ್ರಮ ಇದು. ತೇಜಸ್ವಿಯವರ ಕನ್ನಡದಲ್ಲಿ ಆಂಡರ್ಸನ್, ಕಾರ್ಬೆಟ್ ಓದಿ ಕಾಡಿನ ರುಚಿ ಹಿಡಿಯಿರಿ. ಇಂಗ್ಲಿಷ್ ಓದಬಲ್ಲವರು ಆಮೇಲೆ ಚಾಂಪಿಯನ್ ಅವರ 1927ರ ಪುಸ್ತಕ ಹಿಡಿಯಲಿ. ಚಿತ್ರ ನೋಡುತ್ತಾ ಒಂದೊಂದರ ಹಿಂದೆ ಎಷ್ಟು ಸಂಜೆ, ಎಷ್ಟು ಬೆಳಗು ಕಳೆದಿರಬೇಕು ಎಂದು ಯೋಚಿಸಲಿ. ಆನಂತರ ಚಿಣ್ಣಪ್ಪ, ಉಲ್ಲಾಸ ಕಾರಂತ. ಈ ಕ್ರಮದಲ್ಲಿ ಓದುತ್ತ ಬಂದವರಿಗೆ ಹುಲಿಯ ಕಥೆಯಲ್ಲಿ ಕೇಳುವ ಪ್ರಶ್ನೆಯೇ ಬದಲಾಗುತ್ತದೆ. ಹುಲಿಯನ್ನು ಹೇಗೆ ಹೊಡೆದರು ಎಂಬಲ್ಲಿಂದ ಹೊರಟು, ಅದನ್ನು ಹೇಗೆ ಕಂಡರು, ಅದೇ ಹುಲಿ ಎಂದು ಹೇಗೆ ತಿಳಿದರು, ಅದನ್ನು ಉಳಿಸಿದವರು ಯಾರು ಎಂಬಲ್ಲಿಗೆ ಬರುತ್ತೇವೆ. ಮುಂದಿನ ಗಣತಿಯ ಸಂಖ್ಯೆ ಪತ್ರಿಕೆಯಲ್ಲಿ ಬಂದಾಗ ಈ ಮೂರು ಪ್ರಶ್ನೆಗಳನ್ನು ಕೇಳಬಲ್ಲ ಓದುಗರು ನಮ್ಮ ಊರೂರಿನಲ್ಲಿ ಇರಬೇಕು. ಸರಿಸ್ಕಾದಂಥದು ಮತ್ತೆ ನಡೆಯದಿರಲು ಇಲಾಖೆಯ ಕಾವಲು ಬೇಕು, ಅಂಥ ಓದುಗರ ಕಾವಲೂ ಬೇಕು.